ಗುಜರಿಯ ಗುಂಡು

ಉಳವಿ ಎಂದ ಕೂಡಲೇ ಹೊರಗಿನವರಿಗೆ ಜೋಯಿಡಾ ಕಾಡಿನ ಚನ್ನಬಸವಣ್ಣನ ಕ್ಷೇತ್ರ ನೆನಪಾಗುತ್ತದೆ. ನಾನು ಹೇಳುತ್ತಿರುವುದು ಸೊರಬ ತಾಲ್ಲೂಕಿನ ಉಳವಿ. ಗದ್ದೆ, ಅಡಿಕೆ ತೋಟ, ಮೆಕ್ಕೆಜೋಳ, ಶುಂಠಿ, ಇವೇ ನಮ್ಮ ಹೋಬಳಿಯ ಬದುಕು. ಇಲ್ಲಿ ಗುಜರಿಗೆ ಬೀಳುವ ಸಾಮಾನೂ ಈ ಬೇಸಾಯದ್ದೇ. ಶುಂಠಿ ಕಿತ್ತ ಮೇಲೆ ಬದುವಿನ ಮೇಲೆ ಉಳಿದ ತುಂಡು ಪೈಪು, ಪಂಪ್‌ಸೆಟ್ಟಿನಿಂದ ಬಿಚ್ಚಿದ ಹಳೆ ಬೇರಿಂಗು, ಟಿಲ್ಲರಿನ ಸವೆದ ನಟ್ಟು ಬೋಲ್ಟು, ಪಂಕ್ಚರ್ ಅಂಗಡಿಯ ಮೂಲೆಯಲ್ಲಿ ನೇತಾಡುವ ಸೈಕಲ್ ಟ್ಯೂಬು. ಇವುಗಳಿಂದ ಶಾಲೆಯ ಆಟದ ಸಾಮಾನು ಮಾಡಬಹುದೆಂದು ಯಾರಾದರೂ ಹೇಳಬಲ್ಲರು. ಯಾವುದನ್ನು ಮಾಡಬಹುದು, ಯಾವುದನ್ನು ಮಾಡಲೇಬಾರದು, ಮಾಡಿದ್ದು ಸರಿಯಾಗಿದೆಯೆಂದು ತಿಳಿಯುವುದು ಹೇಗೆ ಎಂಬುದು ಮಾತ್ರ ಮಾಡುತ್ತಾ ಹೋದ ಹಾಗೆ ಗೊತ್ತಾಗುವ ವಿಷಯ.

ಸರ್ಕಾರಿ ಶಾಲೆಗೆ ಆಟದ ದುಡ್ಡು ಬರುವುದೇ ಇಲ್ಲ ಎನ್ನುವ ಹಾಗಿಲ್ಲ. 2018ರಲ್ಲಿ ಶುರುವಾದ ಸಮಗ್ರ ಶಿಕ್ಷಾ ಯೋಜನೆಯಲ್ಲಿ ಕ್ರೀಡಾ ಸಾಮಗ್ರಿಗೆಂದೇ ಅನುದಾನ ಇಟ್ಟರು. ವರ್ಷಕ್ಕೆ ಕಿರಿಯ ಪ್ರಾಥಮಿಕ ಶಾಲೆಗೆ 5 ಸಾವಿರ, ಹಿರಿಯ ಪ್ರಾಥಮಿಕಕ್ಕೆ 10 ಸಾವಿರ, ಪ್ರೌಢಶಾಲೆಗೆ 25 ಸಾವಿರ ರೂಪಾಯಿ. ಹಿರಿಯ ಪ್ರಾಥಮಿಕ ಶಾಲೆಯೊಂದು ಆ ಹತ್ತು ಸಾವಿರದಲ್ಲಿ ವಾಲಿಬಾಲು, ನೆಟ್ಟು, ಥ್ರೋಬಾಲು, ಹಗ್ಗ, ಕೇರಂ ಬೋರ್ಡು ಕೊಳ್ಳುವಷ್ಟರಲ್ಲಿ ಲೆಕ್ಕ ಮುಗಿಯುತ್ತದೆ. ಮಲೆನಾಡಿನ ಮಳೆಗೆ ವಾಲಿಬಾಲಿನ ಹೊಲಿಗೆ ಒಂದೇ ವರ್ಷಕ್ಕೆ ಬಿಡುತ್ತದೆ. ಓಟ, ಜಿಗಿತ, ಎಸೆತಗಳ ಸಾಮಾನಿಗೆ ಏನೂ ಉಳಿಯುವುದಿಲ್ಲ. ಆದರೆ ಕ್ಲಸ್ಟರ್, ಹೋಬಳಿ, ತಾಲ್ಲೂಕು ಕ್ರೀಡಾಕೂಟಗಳಲ್ಲಿ ಮಕ್ಕಳು ಸ್ಪರ್ಧಿಸಬೇಕಾದ್ದು ಅವುಗಳಲ್ಲೇ. ದೈಹಿಕ ಶಿಕ್ಷಕರ ಹುದ್ದೆಯಿಲ್ಲದ ನಮ್ಮಂಥ ಶಾಲೆಯಲ್ಲಿ ಆ ಹೊಣೆ ಗಣಿತ ಹೇಳುವ ನನ್ನ ಪಾಲಿಗೆ ಬಂತು. ಲೆಕ್ಕದ ಅಭ್ಯಾಸ ಈ ಕೆಲಸಕ್ಕೆ ಇಷ್ಟು ಒದಗಿ ಬರುತ್ತದೆಂದು ನನಗೆ ಮೊದಲು ಗೊತ್ತಿರಲಿಲ್ಲ.

ಈ ಕೆಲಸದಲ್ಲಿ ನಾನು ಹಿಡಿದುಕೊಂಡಿರುವ ಸೂತ್ರ ಒಂದೇ. ಪ್ರತಿ ಆಟದ ಸಾಮಾನಿನಲ್ಲೂ ಮಗುವಿನ ಮೈಗೆ ಪಾಠ ಹೇಳುವ ಗುಣ ಒಂದಿರುತ್ತದೆ. ಅದನ್ನು ಕಂಡುಹಿಡಿದು, ಅದಕ್ಕೆ ಚ್ಯುತಿ ಬಾರದಂತೆ ಉಳಿಸಿಕೊಂಡರೆ ಮಿಕ್ಕಿದ್ದೆಲ್ಲ ಹೇಗಿದ್ದರೂ ನಡೆಯುತ್ತದೆ. ಬಣ್ಣ ಬೇಡ, ಕಂಪನಿಯ ಹೆಸರು ಬೇಡ, ಹೊಳಪು ಬೇಡ. ಆ ಗುಣವೇ ತಪ್ಪಿದರೆ ಎಷ್ಟು ಚೆಂದ ಮಾಡಿದರೂ ಮಗು ತಪ್ಪನ್ನೇ ಕಲಿಯುತ್ತದೆ, ಕೆಲವೊಮ್ಮೆ ಪೆಟ್ಟೂ ತಿನ್ನುತ್ತದೆ.

ಸುಲಭದ್ದರಿಂದ ಶುರು ಮಾಡುತ್ತೇನೆ. ರಿಲೇ ಓಟದ ಬ್ಯಾಟನ್. ನಿಯಮದ ಪ್ರಕಾರ ಅದರ ಉದ್ದ 28ರಿಂದ 30 ಸೆಂಟಿಮೀಟರ್, ದಪ್ಪ ಸುಮಾರು 40 ಮಿಲಿಮೀಟರ್, ತೂಕ ಕನಿಷ್ಠ 50 ಗ್ರಾಂ. ತೋಟಕ್ಕೆ ಹಾಕುವ ಪಿವಿಸಿ ಪೈಪನ್ನು ನಮ್ಮಲ್ಲಿ ಹೊರಸುತ್ತಿನ ಅಳತೆಯಲ್ಲೇ ಕರೆಯುತ್ತಾರೆ. ಅಂದರೆ ನಲವತ್ತರ ಪೈಪು ಎಂದರೆ ಅದರ ಹೊರದಪ್ಪ 40 ಮಿಲಿಮೀಟರೇ. ಯಾರದೋ ತೋಟದಲ್ಲಿ ಬಿದ್ದಿರುವ ನಲವತ್ತರ ಪೈಪಿನ ತುಂಡನ್ನು 29 ಸೆಂಟಿಮೀಟರಿಗೆ ಕೊಯ್ದು, ಎರಡೂ ಬಾಯಿಯನ್ನು ಸಿಮೆಂಟಿನ ನೆಲಕ್ಕೆ ಉಜ್ಜಿ ನಯ ಮಾಡಿದರೆ ಕ್ರೀಡಾಕೂಟದ ಬ್ಯಾಟನ್ನೇ ಸಿದ್ಧ. ಇಲ್ಲಿ ಪಾಠ ಹೇಳುವ ಗುಣ ಉದ್ದ ಮತ್ತು ದಪ್ಪ. ಕೊಡುವ ಕೈ, ತೆಗೆದುಕೊಳ್ಳುವ ಕೈ ಎರಡೂ ಒಂದು ಗಳಿಗೆ ಅದೇ ಕೋಲಿನ ಮೇಲಿರುತ್ತವೆ. ಅದಕ್ಕೆ ಆ ಉದ್ದ ಬೇಕು. ಹಿಂದಕ್ಕೆ ನೋಡದೆ ಚಾಚಿದ ಅಂಗೈಗೆ ಕೋಲು ಬಂದು ಬಿದ್ದಾಗ ಬೆರಳು ಎಷ್ಟು ಮುಚ್ಚಬೇಕೆಂದು ಕೈಗೆ ರೂಢಿಯಾಗಬೇಕು; ಅದಕ್ಕೆ ಆ ದಪ್ಪ ಬೇಕು. ಬೇಲಿಯ ಗೂಟ ಹಿಡಿದು ಅಭ್ಯಾಸ ಮಾಡಿದ ಮಕ್ಕಳು ಹೋಬಳಿ ಕೂಟದಲ್ಲಿ ನಿಜವಾದ ಬ್ಯಾಟನ್ ಬೀಳಿಸಲು ಇದೇ ಕಾರಣ.

ಪೈಪು ಆರಿಸುವಾಗ ನೋಡಬೇಕಾದ್ದು ಒಂದಿದೆ. ವರ್ಷಗಟ್ಟಲೆ ಬಿಸಿಲಿನಲ್ಲಿ ಬಿದ್ದ ಪಿವಿಸಿ ತನ್ನ ನಮ್ಯತೆ ಕಳೆದುಕೊಳ್ಳುತ್ತದೆ. ಮೇಲ್ಮೈ ಮಾಸಿ, ಬೆರಳಲ್ಲಿ ಉಜ್ಜಿದರೆ ಸುಣ್ಣದಂಥ ಪುಡಿ ಹತ್ತುತ್ತದೆ. ಅಂಥ ಪೈಪಿನ ಒಂದು ಗೇಣು ತುಂಡನ್ನು ನೆಲಕ್ಕಿಟ್ಟು ಚಪ್ಪಲಿಯ ಹಿಮ್ಮಡಿಯಿಂದ ಒತ್ತಿ ನೋಡಬೇಕು. ಚೆನ್ನಾಗಿರುವ ಪೈಪು ಚಪ್ಪಟೆಯಾಗಿ, ಕಾಲು ತೆಗೆದಾಗ ಮತ್ತೆ ದುಂಡಗಾಗಲು ನೋಡುತ್ತದೆ. ಸತ್ತ ಪೈಪು ಚಟ್ಟೆಂದು ಒಡೆದು ಚೂಪಾದ ಚೂರುಗಳಾಗುತ್ತದೆ. ಒಡೆಯುವ ಪೈಪನ್ನು ಮಕ್ಕಳ ಕೈಗೆ ಯಾವ ರೂಪದಲ್ಲೂ ಕೊಡಬಾರದು.

ಹರ್ಡಲಿಗೂ ಇದೇ ಪೈಪು ಆಗುತ್ತದೆ. ಇಲ್ಲಿ ವಿಷಯ ಸ್ವಲ್ಪ ಆಳವಾಗುತ್ತದೆ, ಏಕೆಂದರೆ ಹರ್ಡಲ್ ಮಾಡಿಸಲು ಹೋದವರೆಲ್ಲ ಮೊದಲು ಬಡಗಿಯ ಹತ್ತಿರ ಹೋಗುತ್ತಾರೆ. ಬಡಗಿ ತನ್ನ ಕಸುಬಿಗೆ ತಕ್ಕಂತೆ ಗಟ್ಟಿಯಾಗಿ, ಹಿಂದೆ ಮುಂದೆ ಎರಡೂ ಕಡೆ ಕಾಲು ಚಾಚಿ, ಅಲುಗದ ಹಾಗೆ ಮಾಡಿಕೊಡುತ್ತಾನೆ. ಬೆಂಚಿಗೆ ಅದು ಒಳ್ಳೆಯ ಗುಣ. ಹರ್ಡಲಿಗೆ ಅದೇ ದೋಷ. ಓಡುತ್ತಾ ಬಂದ ಮಗುವಿನ ಪಾದ ತಗುಲಿದಾಗ ಹರ್ಡಲ್ ಮುಂದಕ್ಕೆ ಮಗುಚಿ ಬೀಳಬೇಕು. ಬೀಳದಿದ್ದರೆ ಮಗು ಬೀಳುತ್ತದೆ. ಕ್ರೀಡಾಕೂಟದ ಹರ್ಡಲಿಗೆ ನಿಯಮವೇ ಇದೆ: ಮೇಲಿನ ಪಟ್ಟಿಯ ನಡುವೆ 3.6ರಿಂದ 4 ಕಿಲೋದಷ್ಟು ಬಲ ಬಿದ್ದರೆ ಅದು ಮಗುಚಬೇಕು. ಅದಕ್ಕೇ ಅದರ ಪಾದಗಳೆಲ್ಲ ಓಟಗಾರ ಬರುವ ಕಡೆಗೆ ಚಾಚಿರುತ್ತವೆ, ಆಚೆ ಬದಿಗೆ ಏನೂ ಇರುವುದಿಲ್ಲ. ಹಾಗಾಗಿ ಹರ್ಡಲಿನಲ್ಲಿ ಪಾಠ ಹೇಳುವ ಗುಣ ಬೀಳುವುದು. ಬೀಳುತ್ತದೆಂದು ನಂಬಿಕೆ ಬಂದ ಮಗು ಮಾತ್ರ ವೇಗ ಇಳಿಸದೆ ಹಾಯುತ್ತದೆ. ನಂಬಿಕೆಯಿಲ್ಲದ ಮಗು ಹರ್ಡಲಿನ ಮುಂದೆ ಹೆಜ್ಜೆ ಕಿರಿದು ಮಾಡಿ, ಮೇಲಕ್ಕೆ ಕುಪ್ಪಳಿಸಿ, ಎರಡು ಕಾಲಲ್ಲಿ ಇಳಿಯುತ್ತದೆ. ಆ ಅಭ್ಯಾಸ ಒಮ್ಮೆ ಹತ್ತಿದರೆ ಬಿಡಿಸುವುದು ಕಷ್ಟ.

ಮೂವತ್ತೆರಡರ ಪೈಪು, ಎರಡೂವರೆ ಮೀಟರ್ ಉದ್ದದ್ದು ಒಂದಿದ್ದರೆ ಒಂದು ಹರ್ಡಲ್ ಆಗುತ್ತದೆ. 40 ಸೆಂಟಿಮೀಟರ್ ಪಾದ, 45 ಸೆಂಟಿಮೀಟರ್ ನಿಲುವು, 80 ಸೆಂಟಿಮೀಟರ್ ಅಡ್ಡಪಟ್ಟಿ, ಮತ್ತೆ 45ರ ನಿಲುವು, 40ರ ಪಾದ. ಒಂದೇ ಪೈಪನ್ನು ನಾಲ್ಕು ಕಡೆ ಬಗ್ಗಿಸಿದರೆ ಎಲ್ಬೋ ಕೊಳ್ಳುವ ಖರ್ಚೂ ಇಲ್ಲ, ಬಿಚ್ಚಿಹೋಗುವ ಕೀಲೂ ಇಲ್ಲ. ಪೈಪನ್ನು ನೇರವಾಗಿ ಬೆಂಕಿಗೆ ಹಿಡಿದರೆ ಅದು ಕರಕಾಗಿ, ಗಂಟಲು ಕಡಿಯುವ ಹೊಗೆ ಬಿಡುತ್ತದೆ. ಆ ಹೊಗೆ ಒಳ್ಳೆಯದಲ್ಲ. ಖಾಲಿ ಪೈಪನ್ನು ಬಗ್ಗಿಸಿದರೆ ಬಾಗಿದ ಜಾಗದಲ್ಲಿ ಚಪ್ಪಟೆಯಾಗಿ ಮಡಚಿಕೊಳ್ಳುತ್ತದೆ. ಎರಡಕ್ಕೂ ಪರಿಹಾರ ಮರಳು. ಒಣ ಮರಳನ್ನು ಹಳೆ ಬಾಣಲೆಯಲ್ಲಿ ಹುರಿದು, ಒಂದು ತುದಿಗೆ ಮರದ ಬಿರಡೆ ಹೊಡೆದ ಪೈಪಿಗೆ ತುಂಬಿ, ತಟ್ಟಿ ಕೂರಿಸಿ, ಕೆಲವು ನಿಮಿಷ ಬಿಟ್ಟರೆ ಪೈಪು ಒಳಗಿನಿಂದಲೇ ಮೆತ್ತಗಾಗುತ್ತದೆ. ಆಗ ಮಂಡಿಗೆ ಆನಿಸಿ ನಿಧಾನಕ್ಕೆ ಬಗ್ಗಿಸಿದರೆ ಒಳಗಿನ ಮರಳು ಪೈಪಿನ ದುಂಡನ್ನು ಕಾಯುತ್ತದೆ. ಬಾಗಿದ ಮೇಲೆ ಒದ್ದೆ ಗೋಣಿ ಸುತ್ತಿದರೆ ಅದೇ ಆಕಾರದಲ್ಲಿ ಗಟ್ಟಿಯಾಗುತ್ತದೆ. ಇದು ಪೂರ್ತಿ ದೊಡ್ಡವರ ಕೆಲಸ, ದಪ್ಪ ಬಟ್ಟೆಯ ಕೈಗವಸು ಹಾಕಿಕೊಂಡು, ಬಯಲಿನಲ್ಲಿ ಮಾಡಬೇಕಾದ್ದು. ಮಕ್ಕಳನ್ನು ಹುರಿದ ಮರಳಿನ ಹತ್ತಿರಕ್ಕೆ ಬಿಡಬಾರದು.

ಬಗ್ಗಿಸಿಯಾದ ಮೇಲೆ ಮರಳನ್ನೆಲ್ಲ ಸುರಿದು, ಪಾದಗಳೆರಡಕ್ಕೆ ಮಾತ್ರ ಮತ್ತೆ ಮರಳು ತುಂಬಿ ಬಿರಡೆ ಹಾಕುತ್ತೇವೆ. ತುಂಬಿದ ಮರಳು ನಿಲುವಿನೊಳಕ್ಕೆ ಜಾರದಂತೆ ಪಾದದ ಒಳತುದಿಗೆ ಮೊದಲೇ ಗೊಬ್ಬರ ಚೀಲದ ತುಂಡನ್ನು ಉಂಡೆ ಮಾಡಿ ಬಿಗಿಯಾಗಿ ತುರುಕಿರುತ್ತೇವೆ. ಒಂದೊಂದು ಪಾದಕ್ಕೆ 400 ಗ್ರಾಂ ಹತ್ತಿರ ಮರಳು ಹಿಡಿಯುತ್ತದೆ. ಮರಳಿಲ್ಲದಿದ್ದರೆ ಗಾಳಿ ಬಂದರೂ ಹರ್ಡಲ್ ಮಗುಚುತ್ತದೆ. ಇಷ್ಟು ಮರಳಿದ್ದಾಗ, ಮೇಲಿನ ಪಟ್ಟಿಗೆ ಕೊಕ್ಕೆ ತಕ್ಕಡಿ ಸಿಕ್ಕಿಸಿ ಓಟದ ದಿಕ್ಕಿಗೆ ಎಳೆದರೆ ಅರ್ಧ ಕಿಲೋ ಆಸುಪಾಸಿನಲ್ಲಿ ಮಗುಚುತ್ತದೆ. ಹತ್ತು ಹನ್ನೆರಡು ವರ್ಷದ ಮಕ್ಕಳಿಗೆ ಅದು ಸರಿ. ಇದನ್ನೇ ತಿರುಗುಮುರುಗಾಗಿ ಇಟ್ಟು, ಪಾದ ಆಚೆ ಇರುವಾಗ ಎಳೆದು ನೋಡಿ: ಹರ್ಡಲ್ ಮಗುಚುವ ಬದಲು ಪಾದ ನೆಲಕ್ಕೆ ಒತ್ತಿಕೊಂಡು ಅಡ್ಡ ನಿಲ್ಲುತ್ತದೆ. ಅದಕ್ಕೆ ಓಟಗಾರ ಬರುವ ಬದಿಯ ಪಾದಗಳಿಗೆ ಕೆಂಪು ಬಣ್ಣ ಬಳಿದಿದ್ದೇವೆ. ಕೆಂಪು ತನ್ನ ಕಡೆಗೆ ಇಲ್ಲದಿದ್ದರೆ ಓಡಕೂಡದು, ಇದು ನಮ್ಮ ಮೈದಾನದ ಕಟ್ಟಳೆ. ಆರನೇ ತರಗತಿಯ ಹುಡುಗಿಯೊಬ್ಬಳು ಹರ್ಡಲಿನ ಎದುರು ನಿಂತು, "ತಾಗಿದ್ರೆ ಬಿದ್ದೇ ಹೋಗ್ತದಾ ಸಾರ್?" ಎಂದು ಕೇಳಿದಳು. "ನೀನೇ ಒದ್ದು ನೋಡಮ್ಮ" ಎಂದೆ. ಒದ್ದಳು, ಬಿತ್ತು. ಇನ್ನೊಮ್ಮೆ ಒದ್ದಳು. ಆಮೇಲೆ ಓಡಿಬಂದು, ಅದರ ಮೇಲೆ ವೇಗ ಇಳಿಸದೆ ಹಾದಳು. ಅಂದಿನಿಂದ ಹೊಸ ಮಕ್ಕಳಿಗೆಲ್ಲ ಹರ್ಡಲಿನ ಮೊದಲ ಪಾಠ ಅದನ್ನು ಒದ್ದು ಬೀಳಿಸುವುದೇ.

ಇನ್ನು ಗುಂಡು. ಈ ಬರಹಕ್ಕೆ ಅದರ ಹೆಸರನ್ನೇ ಇಟ್ಟಿದ್ದೇನೆ, ಏಕೆಂದರೆ ಕಸದಿಂದ ಮಾಡುವ ಸಾಮಾನುಗಳಲ್ಲಿ ಅತಿ ಹೆಚ್ಚು ಮೋಸಹೋಗುವುದು ಇದರಲ್ಲಿ. ಗುಂಡು ಎಸೆತಕ್ಕೆ ಕಲ್ಲು ಸಾಕಲ್ಲ, ಸಿಮೆಂಟಿನ ಉಂಡೆ ಸಾಕಲ್ಲ ಎಂದು ಎಲ್ಲರಿಗೂ ಅನಿಸುತ್ತದೆ. ತೂಕ ಒಂದೇ ಆದರೆ ಸಾಕು ಎಂದು ತಿಳಿಯುವುದರಿಂದ ಹಾಗೆ ಅನಿಸುವುದು. ಜಾಗತಿಕ ನಿಯಮದಲ್ಲಿ 18 ವರ್ಷದೊಳಗಿನ ಹುಡುಗಿಯರ ಗುಂಡು 3 ಕಿಲೋ. ಅದರ ದಪ್ಪಕ್ಕೂ ಮಿತಿ ಇದೆ, 85ರಿಂದ 110 ಮಿಲಿಮೀಟರ್. ಈಗ ಅದೇ 3 ಕಿಲೋ ತೂಕದ ಕಾಂಕ್ರೀಟ್ ಉಂಡೆ ಎಷ್ಟು ದಪ್ಪ ಇರುತ್ತದೆ ನೋಡೋಣ. ಕಾಂಕ್ರೀಟು ನೀರಿಗಿಂತ ಸುಮಾರು 2.4 ಪಟ್ಟು ಭಾರ. 3,000 ಗ್ರಾಂ ಬರಲು 1,250 ಘನ ಸೆಂಟಿಮೀಟರ್ ಬೇಕು. ಅಷ್ಟು ಗಾತ್ರದ ಗೋಳದ ಅಡ್ಡಳತೆ 13.4 ಸೆಂಟಿಮೀಟರ್. ಇದು ಮಗುವಿನ ಅಂಗೈಯನ್ನು ಮೀರಿಹೋಗುವ ಗಾತ್ರ.

ಗುಂಡನ್ನು ಎಸೆಯುವವರು ಅದನ್ನು ಬೆರಳುಗಳ ಬುಡದ ಮೇಲೆ ಇಟ್ಟು, ಕುತ್ತಿಗೆಗೆ ಆನಿಸಿ, ಭುಜದಿಂದ ಮುಂದಕ್ಕೆ ದೂಡುತ್ತಾರೆ. ಕೊನೆಯ ಗಳಿಗೆಯಲ್ಲಿ ಬೆರಳುಗಳು ಅದನ್ನು ಚಿಮ್ಮುತ್ತವೆ. ಉಂಡೆ ದೊಡ್ಡದಾದರೆ ಬೆರಳ ಮೇಲೆ ನಿಲ್ಲದೆ ಅಂಗೈಗೆ ಇಳಿಯುತ್ತದೆ, ಕುತ್ತಿಗೆಯಿಂದ ದೂರ ಸರಿಯುತ್ತದೆ. ಮಗು ಆಗ ಅದನ್ನು ಚೆಂಡಿನ ಹಾಗೆ ಬೀಸಿ ಒಗೆಯುತ್ತದೆ. ಮೊಣಕೈಗೆ ನೋವು ಬರುವುದೂ ಅಲ್ಲೇ, ಕ್ರೀಡಾಕೂಟದಲ್ಲಿ ಫೌಲ್ ಆಗುವುದೂ ಅಲ್ಲೇ. ಅಂದರೆ ಗುಂಡಿನಲ್ಲಿ ಪಾಠ ಹೇಳುವ ಗುಣ ಕಡಿಮೆ ಗಾತ್ರದಲ್ಲಿ ಹೆಚ್ಚು ತೂಕ. ಅದನ್ನು ಕೊಡುವುದು ಕಬ್ಬಿಣ. ಕಬ್ಬಿಣ ಕರಗಿಸಿ ಎರಕ ಹೊಯ್ಯಲು ನಮ್ಮಲ್ಲಿ ಅನುಕೂಲವಿಲ್ಲ. ಗುಜರಿಯ ಕಬ್ಬಿಣವನ್ನು ಸಿಮೆಂಟಿನಲ್ಲಿ ಕಟ್ಟಿ ಹಿಡಿಯಬಹುದು.

ಜಾತ್ರೆಯಲ್ಲಿ ಸಿಗುವ ಹತ್ತೂವರೆ ಸೆಂಟಿಮೀಟರ್ ದಪ್ಪದ ಟೊಳ್ಳು ಪ್ಲಾಸ್ಟಿಕ್ ಚೆಂಡು ನಮ್ಮ ಅಚ್ಚು. ದಾರ ಸುತ್ತಿ ಅಳೆದರೆ ಸುತ್ತಳತೆ 33 ಸೆಂಟಿಮೀಟರ್ ಬರಬೇಕು. ಅದರೊಳಗಿನ ಜಾಗ ಸುಮಾರು 600 ಘನ ಸೆಂಟಿಮೀಟರ್. ಈ ಜಾಗದ ಅರ್ಧಕ್ಕಿಂತ ತುಸು ಹೆಚ್ಚನ್ನು ಕಬ್ಬಿಣ ತುಂಬಿ, ಸಂದುಗಳನ್ನೆಲ್ಲ ಸಿಮೆಂಟಿನ ಹಾಲು ತುಂಬಿದರೆ ಒಟ್ಟು 3 ಕಿಲೋ ಬರುತ್ತದೆ. ಲೆಕ್ಕ ಹಾಕಿ ನೋಡಿದರೆ ಒಳಗೆ ಹೋಗಬೇಕಾದ ಕಬ್ಬಿಣ 2 ಕಿಲೋ 450 ಗ್ರಾಂ. ಇದೊಂದು ಅಂಕಿ ಕೈಯಲ್ಲಿದ್ದರೆ ಅರ್ಧ ಕೆಲಸ ಮುಗಿದ ಹಾಗೆ, ಏಕೆಂದರೆ ಸಿಮೆಂಟು ಕಲಸುವ ಮುಂಚೆಯೇ ಗುಂಡು ಸರಿಬರುತ್ತದೋ ಇಲ್ಲವೋ ಗೊತ್ತಾಗಿಬಿಡುತ್ತದೆ.

ಗ್ಯಾರೇಜಿನಿಂದ ತಂದ ನಟ್ಟು, ಬೋಲ್ಟಿನ ತಲೆ, ಮನೆ ಕಟ್ಟುವಲ್ಲಿ ಉಳಿದ ಸರಳಿನ ತುಂಡು, ಇವಕ್ಕೆಲ್ಲ ಎಣ್ಣೆ ಜಿಡ್ಡು ಅಂಟಿರುತ್ತದೆ. ಜಿಡ್ಡಿನ ಮೇಲೆ ಸಿಮೆಂಟು ಹಿಡಿಯುವುದಿಲ್ಲ. ಸೋಪಿನ ಪುಡಿ ಹಾಕಿದ ಬಿಸಿನೀರಿನಲ್ಲಿ ನೆನೆಸಿ, ತಿಕ್ಕಿ, ಒಣಗಿಸಬೇಕು. ನೀರು ಸುರಿದಾಗ ಹನಿ ಹನಿಯಾಗಿ ಜಾರದೆ ಮೈತುಂಬ ಹರಡಿಕೊಂಡರೆ ಜಿಡ್ಡು ಹೋಗಿದೆ ಎಂದರ್ಥ. ಚೆಂಡಿನ ನೆತ್ತಿಗೆ ಬೋಲ್ಟು ತೂರುವಷ್ಟು ತೂತು ಮಾಡಿ, ಚೆಂಡನ್ನು ಮರಳು ತುಂಬಿದ ಬಕೆಟಿನಲ್ಲಿ ಮುಕ್ಕಾಲು ಹೂಳಬೇಕು. ಹೂಳದಿದ್ದರೆ ಭಾರಕ್ಕೆ ಚೆಂಡು ಹೊಟ್ಟೆ ಬಿಟ್ಟುಕೊಂಡು ಗುಂಡು ಮೊಟ್ಟೆಯಾಗುತ್ತದೆ.

ಮೊದಲು ಕಬ್ಬಿಣವನ್ನಷ್ಟೇ ತುಂಬುವುದು. ಬರೀ ದೊಡ್ಡ ಬೋಲ್ಟುಗಳನ್ನು ಹಾಕಿದರೆ ನಡುವೆ ಸಂದು ಹೆಚ್ಚು ಉಳಿದು ಎರಡು ಕಿಲೋ ದಾಟುವುದೇ ಕಷ್ಟ. ದೊಡ್ಡದರ ನಡುವೆ ಸಣ್ಣ ನಟ್ಟು, ಅದರ ನಡುವೆ ಸೈಕಲ್ ಬೇರಿಂಗಿನ ಗೋಲಿ, ಹೀಗೆ ಮೂರು ಗಾತ್ರದ್ದನ್ನು ಬೆರೆಸಿ ಕುಲುಕುತ್ತಾ ತುಂಬಿದರೆ 2 ಕಿಲೋ 450 ಗ್ರಾಂ ಹಿಡಿಯುತ್ತದೆ. ಕಿರಾಣಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ಕಬ್ಬಿಣವನ್ನು ಮೊದಲೇ ತೂಗಿಕೊಂಡು, ತೂಗಿದ್ದೆಲ್ಲ ಒಳಗೆ ಹೋಯಿತೆಂದು ಖಾತ್ರಿ ಮಾಡಿಕೊಳ್ಳುತ್ತೇವೆ. ಆಮೇಲೆ 400 ಗ್ರಾಂ ಸಿಮೆಂಟಿಗೆ 180 ಮಿಲಿಲೀಟರ್ ನೀರು ಹಾಕಿ, ಗಂಟಿಲ್ಲದ ಹಾಗೆ ಕದಡಿ, ಕೊಳವೆಯಿಂದ ನಿಧಾನಕ್ಕೆ ಸುರಿಯುವುದು. ಮರಳು ಬೆರೆಸಬಾರದು, ಅದು ಸಂದಿನಲ್ಲಿ ಸಿಕ್ಕಿ ದಾರಿ ಕಟ್ಟುತ್ತದೆ. ಸುರಿಯುತ್ತಾ ಬಕೆಟಿನ ಪಕ್ಕಕ್ಕೆ ಮರದ ತುಂಡಿನಿಂದ ತಟ್ಟುತ್ತಿದ್ದರೆ ಒಳಗಿನ ಗಾಳಿ ಗುಳ್ಳೆಯಾಗಿ ಮೇಲೆ ಬರುತ್ತದೆ. ಗುಳ್ಳೆ ನಿಂತು, ಹಾಲು ತೂತಿನ ಬಾಯಿಗೆ ಬಂದು ಇಳಿಯದೆ ನಿಂತರೆ ತುಂಬಿತು.

ಕಬ್ಬಿಣ ಮೊದಲು, ಸಿಮೆಂಟು ಆಮೇಲೆ ಎಂಬ ಕ್ರಮವನ್ನು ತಿರುಗಿಸಬಾರದು. ಸಿಮೆಂಟು ಕಲಸಿ ಅದಕ್ಕೆ ಕಬ್ಬಿಣ ಹಾಕಿದರೆ ತುಂಡುಗಳು ತಳಕ್ಕಿಳಿದು ಗುಂಡಿನ ಒಂದು ಬದಿ ಭಾರ, ಇನ್ನೊಂದು ಬದಿ ಹಗುರ ಆಗುತ್ತದೆ. ತಕ್ಕಡಿಗೆ ಇದು ಗೊತ್ತಾಗುವುದಿಲ್ಲ, ಎಸೆಯುವ ಬೆರಳಿಗೆ ಗೊತ್ತಾಗುತ್ತದೆ. ಚಿಮ್ಮುವ ಹೊತ್ತಿಗೆ ಗುಂಡು ಒಂದು ಕಡೆ ಹೊರಳಿ ಬೆರಳು ತಿರುಚುತ್ತದೆ. ಪರೀಕ್ಷೆ ಸುಲಭ. ನಯವಾದ ನೆಲದ ಮೇಲೆ ಗುಂಡನ್ನು ಮೆಲ್ಲಗೆ ಉರುಳಿಸಿ, ನಿಂತಾಗ ಮೇಲೆ ಬಂದ ಜಾಗಕ್ಕೆ ಸೀಮೆಸುಣ್ಣದ ಗುರುತು ಹಾಕಬೇಕು. ನಾಲ್ಕಾರು ಸಲ ಉರುಳಿಸಿದಾಗ ಗುರುತುಗಳು ಬೇರೆ ಬೇರೆ ಕಡೆ ಬಿದ್ದರೆ ಗುಂಡು ಸಮತೂಕದ್ದು. ಎಲ್ಲವೂ ಒಂದೇ ಕಡೆ ಬಂದು ಸೇರಿದರೆ ಅದನ್ನು ಕೊಡಬಾರದು.

ಒಂದು ದಿನ ಬಿಟ್ಟು ಚೆಂಡಿನ ಸಮೇತ ಗುಂಡನ್ನು ನೀರಿನಲ್ಲಿ ಮುಳುಗಿಸಿಡುತ್ತೇವೆ. ವಾರ ಕಳೆದ ಮೇಲೆ ಪ್ಲಾಸ್ಟಿಕ್ಕನ್ನು ಬ್ಲೇಡಿನಿಂದ ಸೀಳಿ ತೆಗೆಯುವುದು. ಪ್ಲಾಸ್ಟಿಕ್ ಹಾಗೆಯೇ ಇದ್ದರೆ ನೋಡಲು ಚೆಂದ, ಆದರೆ ಒದ್ದೆಯಾದರೆ ಜಾರುತ್ತದೆ. ನಮ್ಮ ಕಡೆ ಕ್ರೀಡಾಕೂಟಗಳ ತಯಾರಿಯೆಲ್ಲ ಮಳೆಗಾಲದಲ್ಲೇ, ಬೆರಳ ತುದಿಯಲ್ಲಿ 3 ಕಿಲೋ ಜಾರಿದರೆ ಕಾಲಿನ ಮೇಲೇ ಬೀಳುವುದು. ಸಿಪ್ಪೆ ತೆಗೆದ ಸಿಮೆಂಟು ಒರಟಾಗಿದ್ದರೆ ಕುತ್ತಿಗೆ ತರಚುತ್ತದೆ, ಅದಕ್ಕೆ ಮರಳು ಕಾಗದದಿಂದ ಉಜ್ಜಿ, ಗೇಟಿಗೆ ಬಳಿದು ಉಳಿದ ಬಣ್ಣವನ್ನು ಎರಡು ಕೈ ಬಳಿಯುತ್ತೇವೆ. ಕೊನೆಗೊಮ್ಮೆ ತೂಗಿ, ತೂಕವನ್ನು ಗುಂಡಿನ ಮೇಲೇ ಬರೆಯುತ್ತೇವೆ.

ಇದಕ್ಕೂ ಮಿತಿ ಇದೆ. ಎರಕದ ಗುಂಡು ತಲೆಮಾರು ಬಾಳುತ್ತದೆ, ನಮ್ಮದು ಬಾಳುವುದಿಲ್ಲ. ನಮ್ಮ ಕೆಮ್ಮಣ್ಣಿನಲ್ಲಿ ಅಲ್ಲಲ್ಲಿ ಜಂಬಿಟ್ಟಿಗೆ ತಲೆ ಎತ್ತಿರುತ್ತದೆ. ಅದರ ಮೇಲೆ ಬಿದ್ದರೆ ಗುಂಡಿನ ಮೈ ಚಕ್ಕೆ ಏಳುತ್ತದೆ. ಅದಕ್ಕೆ ಗುಂಡು ಬೀಳುವ ಜಾಗವನ್ನು ಗುದ್ದಲಿಯಿಂದ ಅಗೆದು ಸಡಿಲ ಮಾಡಿಟ್ಟುಕೊಳ್ಳಬೇಕು. ವಾರಕ್ಕೊಮ್ಮೆ ಗುಂಡನ್ನು ಬೋಲ್ಟಿನಿಂದ ತಟ್ಟಿ ಕಿವಿಗೊಡಬೇಕು. ಕೂಡಿದ ಗುಂಡು ಠಣ್ಣೆನ್ನುತ್ತದೆ, ಒಳಗೆ ಬಿರುಕು ಬಿಟ್ಟದ್ದು ಮಂಕಾಗಿ ದಬ್ಬೆನ್ನುತ್ತದೆ. ದಬ್ಬೆಂದ ಗುಂಡನ್ನು ಒಡೆದು ಕಬ್ಬಿಣವನ್ನು ಮತ್ತೆ ಬಳಸಿಕೊಳ್ಳುತ್ತೇವೆ, ದುರಸ್ತಿ ಮಾಡುವುದಿಲ್ಲ.

ಇಲ್ಲಿಯವರೆಗೆ ಆಗುವುದನ್ನು ಹೇಳಿದೆ. ಆಗದ್ದು ಎತ್ತರ ಜಿಗಿತದ ಹಾಸಿಗೆ. ಡಿಕ್ ಫಾಸ್‌ಬರಿ 1968ರ ಮೆಕ್ಸಿಕೊ ಒಲಿಂಪಿಕ್ಸಿನಲ್ಲಿ ಬೆನ್ನು ಕೆಳಗೆ ಮಾಡಿ ಪಟ್ಟಿಯನ್ನು ದಾಟಿ, 2.24 ಮೀಟರ್ ಹಾರಿ ಚಿನ್ನ ಗೆದ್ದ ಮೇಲೆ ಜಗತ್ತೆಲ್ಲ ಹಾಗೇ ಹಾರಲು ಕಲಿಯಿತು. ಅದು ಸಾಧ್ಯವಾದದ್ದು ಅವನ ಕಾಲಕ್ಕೆ ಮರಳು, ಮರದ ಹೊಟ್ಟಿನ ಗುಂಡಿ ಹೋಗಿ ಎತ್ತರದ ಫೋಮ್ ಹಾಸಿಗೆ ಬರತೊಡಗಿದ್ದರಿಂದ. ಬೆನ್ನ ಮೇಲೆ, ಕುತ್ತಿಗೆಯ ಮೇಲೆ ಬೀಳುವ ಮಗುವನ್ನು ಹಿಡಿಯಬಲ್ಲದ್ದು ಅದೊಂದೇ. ನಮ್ಮ ಮಕ್ಕಳು ಮೊಬೈಲಿನಲ್ಲಿ ಆ ಜಿಗಿತ ನೋಡಿ ಬಂದು, "ಹುಲ್ಲು ಹಾಸಿ ಹಾರೋಣ ಸಾರ್, ನಮ್ಮ ಗೊಣಬೆಯಲ್ಲಿ ಬೇಕಾದಷ್ಟಿದೆ" ಎನ್ನುತ್ತಾರೆ. ಗೊಬ್ಬರದ ಚೀಲಕ್ಕೆ ಭತ್ತದ ಹುಲ್ಲು ತುಂಬಿದರೆ ಮೊದಲ ದಿನ ಮೆತ್ತಗಿರುತ್ತದೆ. ದಿನ ಕಳೆದಂತೆ ತುಳಿತಕ್ಕೆ ಕೂತು ಗಟ್ಟಿಯಾಗುತ್ತದೆ, ಮಳೆಗೆ ಕೊಳೆಯುತ್ತದೆ, ಎಲ್ಲಿ ಕೂತಿದೆ ಎಲ್ಲಿ ಉಬ್ಬಿದೆ ಎಂದು ಮೇಲಿನಿಂದ ಕಾಣುವುದಿಲ್ಲ. ಟ್ರ್ಯಾಕ್ಟರ್ ಟ್ಯೂಬುಗಳನ್ನು ಒಟ್ಟಿಗೆ ಕಟ್ಟಿದರೆ ಗಾಳಿ ಮಗುವನ್ನು ಹಿಂದಕ್ಕೆ ಪುಟಿಸಿ ಹೊರಗೆ ಎಸೆಯುತ್ತದೆ, ಟ್ಯೂಬುಗಳ ನಡುವಿನ ಸಂದಿನಲ್ಲಿ ಪಾದ ಸಿಕ್ಕಿ ಉಳುಕುತ್ತದೆ. ಇಲ್ಲಿ ಪಾಠ ಹೇಳುವ ಗುಣ ಪ್ರತಿ ಸಲವೂ, ಪ್ರತಿ ಜಾಗದಲ್ಲೂ ಒಂದೇ ರೀತಿ ಮೆತ್ತಗಿರುವುದು. ಕಸದಿಂದ ಆ ಗುಣ ನಮಗೆ ಬರಲಿಲ್ಲ. ಹಾಗಾಗಿ ಬೆನ್ನಿನ ಜಿಗಿತವನ್ನು ನಮ್ಮ ಶಾಲೆಯಲ್ಲಿ ಕಲಿಸುವುದಿಲ್ಲ.

ಕತ್ತರಿ ಜಿಗಿತ ಕಲಿಸುತ್ತೇವೆ. ಓರೆಯಾಗಿ ಓಡಿಬಂದು, ಒಂದಾದ ಮೇಲೊಂದು ಕಾಲನ್ನು ಪಟ್ಟಿಯ ಮೇಲಿಂದ ದಾಟಿಸಿ, ಕಾಲಿನ ಮೇಲೇ ಇಳಿಯುವ ಜಿಗಿತ ಅದು. ಸಡಿಲ ಮಾಡಿದ ಮರಳಿನ ಗುಂಡಿ ಅದಕ್ಕೆ ಸಾಕು. ಪಟ್ಟಿಗೆ ಮಾತ್ರ ಗುಜರಿ ಒದಗುತ್ತದೆ. ಅಡಿಕೆ ದಬ್ಬೆಯನ್ನು ಅಡ್ಡ ಇಟ್ಟರೆ ಅದರ ಸಿಬಿರು ತೊಡೆಗೆ ಹೊಕ್ಕುತ್ತದೆ. ಅದರ ಬದಲು ಸೈಕಲ್ ಟ್ಯೂಬನ್ನು ಬೆರಳಗಲ ಉದ್ದುದ್ದ ಸೀಳಿ, ಒಂದಕ್ಕೊಂದು ಗಂಟು ಹಾಕಿ, ಒಂದು ತುದಿಯನ್ನು ಕಂಬಕ್ಕೆ ಕಟ್ಟಿ, ಇನ್ನೊಂದು ತುದಿಯನ್ನು ಬಟ್ಟೆ ಒಣಹಾಕುವ ಕ್ಲಿಪ್ಪಿನಲ್ಲಿ ಸಿಕ್ಕಿಸುತ್ತೇವೆ. ಕಾಲು ತಗುಲಿದರೆ ಕ್ಲಿಪ್ಪಿನಿಂದ ಜಾರಿಹೋಗಬೇಕು. ಎರಡೂ ತುದಿ ಕಟ್ಟಿದರೆ ಕಾಲು ಸಿಕ್ಕಿ ಕಂಬವೇ ಮಗುವಿನ ಮೇಲೆ ಬರುತ್ತದೆ. ಹರ್ಡಲಿಗೆ ಹೇಳಿದ್ದೇ ಇಲ್ಲೂ ನಿಜ: ತಗುಲಿದ್ದು ಬಿಟ್ಟುಕೊಡಬೇಕು.

ಕತ್ತರಿ ಜಿಗಿತ ಕಲಿತ ಮಗು ಮುಂದೆ ಪ್ರೌಢಶಾಲೆಯಲ್ಲೋ ಕ್ರೀಡಾ ಹಾಸ್ಟೆಲಿನಲ್ಲೋ ಒಳ್ಳೆಯ ಹಾಸಿಗೆ ಸಿಕ್ಕಾಗ ಬೆನ್ನಿನ ಜಿಗಿತಕ್ಕೆ ಬೇಗ ಹೊಂದಿಕೊಳ್ಳುತ್ತದೆ, ಏಕೆಂದರೆ ಎರಡಕ್ಕೂ ಬೇಕಾದ ಓಟದ ಲಯ ಮತ್ತು ಒಂಟಿ ಕಾಲಿನ ಚಿಮ್ಮು ಒಂದೇ. ನಮ್ಮ ಕೈಲಿರುವ ಸಾಮಾನಿನಿಂದ ಆ ಮಗುವನ್ನು ಅಲ್ಲಿಯವರೆಗೆ ಗಾಯವಿಲ್ಲದೆ ಮುಟ್ಟಿಸುವುದು ನಮ್ಮ ಕೆಲಸ.

ಹೀಗೆ ಮಾಡುತ್ತಾ ಬಂದದ್ದರಿಂದ ಆ ಹತ್ತು ಸಾವಿರದ ಲೆಕ್ಕವೂ ಬದಲಾಗಿದೆ. ಬ್ಯಾಟನ್, ಹರ್ಡಲ್, ಅಭ್ಯಾಸದ ಗುಂಡು, ಜಿಗಿತದ ಪಟ್ಟಿ ಇವುಗಳಿಗೆ ಈಗ ನಾವು ದುಡ್ಡು ಕೊಡುವುದಿಲ್ಲ. ಉಳಿದದ್ದನ್ನು ಎಸ್‌ಡಿಎಂಸಿಯ ಒಪ್ಪಿಗೆ ಪಡೆದು ಕಸದಿಂದ ಎಂದೂ ಮಾಡಬಾರದ್ದಕ್ಕೆ ಇಡುತ್ತೇವೆ. ಮೊದಲು ಕೊಂಡದ್ದು ಒಂದೇ ಒಂದು ಎರಕದ ಗುಂಡು. ಕೂಟಕ್ಕೆ ಮೊದಲ ವಾರ ಮಕ್ಕಳು ಅದನ್ನೇ ಹಿಡಿಯುತ್ತಾರೆ, ನಮ್ಮ ಗುಂಡುಗಳ ಗಾತ್ರ ತೂಕ ಸರಿಯಿದೆಯೇ ಎಂದು ನೋಡುವುದೂ ಅದರ ಪಕ್ಕದಲ್ಲಿಟ್ಟೇ. ಆಮೇಲೆ ಮೂವತ್ತು ಮೀಟರಿನ ಅಳತೆ ಟೇಪು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಜಿಗಿತದ ಗುಂಡಿಗೆ ಒಂದು ಲೋಡು ಮರಳು. ಮುಂದಿನ ವರ್ಷದ ಪಟ್ಟಿಯಲ್ಲಿ ಮೊದಲ ಸಾಲು ಮತ್ತೆ ಮರಳೇ, ಏಕೆಂದರೆ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಅರ್ಧ ಮರಳು ಕೊಚ್ಚಿಹೋಗಿರುತ್ತದೆ, ಮಕ್ಕಳ ಕಾಲು ಇಳಿಯುವ ಜಾಗಕ್ಕೆ ಬದಲಿ ಸಾಮಾನು ನನಗೆ ಇನ್ನೂ ಸಿಕ್ಕಿಲ್ಲ.